ಲೆಕ್ಕ ತಾಳೆಯಾಯಿತು, ರೊಕ್ಕ ಎಲ್ಲಿ ಹೋಯಿತು?

ಹುಬ್ಬಳ್ಳಿಯಲ್ಲಿ ಪೈಪು, ಫಿಟಿಂಗ್ಸು, ಪಂಪ್‌ಸೆಟ್ಟಿನ ಬಿಡಿಭಾಗಗಳನ್ನು ಸಗಟಾಗಿ ಮಾರುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. ಕಂಪನಿ ಕಲ್ಪಿತ, ಅದರ ಅಂಕಿಗಳೂ ಕಲ್ಪಿತ. ಅಲ್ಲಿ ನಡೆಯುವ ಮೋಸದ ರೀತಿ ಮಾತ್ರ ತೀರಾ ಹಳೆಯದು, ಯಾವ ಲೆಕ್ಕಪರಿಶೋಧಕರಿಗೆ ಹೇಳಿದರೂ ಅರ್ಧಕ್ಕೇ ಗುರುತು ಹಿಡಿಯುವಂಥದು. ಅಣ್ಣತಮ್ಮಂದಿರಿಬ್ಬರು ಡೈರೆಕ್ಟರುಗಳು. ತಮ್ಮ ಖರೀದಿ ಮತ್ತು ಗೋದಾಮು ನೋಡುತ್ತಾನೆ, ಅಣ್ಣನದು ಗಲ್ಲಾ ಮತ್ತು ಬ್ಯಾಂಕು. ಒಬ್ಬ ಅಕೌಂಟೆಂಟ್, ಗೋದಾಮಿಗೊಬ್ಬ, ಕೌಂಟರಿಗೆ ಇಬ್ಬರು, ಒಬ್ಬ ಡ್ರೈವರ್. ಇವರಲ್ಲದೆ ಸುತ್ತಲಿನ ತಾಲೂಕಿನ ಅಂಗಡಿಗಳಿಗೆ ಹೋಗಿ ಆರ್ಡರ್ ಹಿಡಿದು, ಹಳೆ ಬಾಕಿ ವಸೂಲಿಯನ್ನೂ ಮಾಡಿಕೊಂಡು ಬರುವ ಇಬ್ಬರು ಲೈನ್ ಸೇಲ್ಸ್‌ಮನ್‌ಗಳು. ವರ್ಷದ ವಹಿವಾಟು 6 ಕೋಟಿ. ಅದರಲ್ಲಿ 4.2 ಕೋಟಿಯಷ್ಟು ಉದ್ರಿ ವ್ಯಾಪಾರ, ಸರಾಸರಿ ಎರಡು ತಿಂಗಳ ವಾಯಿದೆ. ಅಂದರೆ ಯಾವ ದಿನ ನೋಡಿದರೂ ಸುಮಾರು 70 ಲಕ್ಷ ರೂಪಾಯಿ ಕಂಪನಿಯ ಹೊರಗೆ, ಅಂಗಡಿಕಾರರ ಹತ್ತಿರ ಇರುತ್ತದೆ.

ಒಂದು ಸೋಮವಾರ ಕುಂದಗೋಳದ ಅಂಗಡಿಯವರು ಸೇಲ್ಸ್‌ಮನ್ ಕೈಗೆ 18,000 ರೂಪಾಯಿ ನಗದು ಕೊಡುತ್ತಾರೆ. ಆತ ಅಚ್ಚಾದ ರಸೀದಿ ಹರಿಯುವುದಿಲ್ಲ, ಒಂದು ಚೀಟಿಯ ಮೇಲೆ ಬರೆದು ಸಹಿ ಹಾಕಿ ಕೊಡುತ್ತಾನೆ. ಮನೆಯಲ್ಲಿ ಯಾವುದೋ ತುರ್ತು, ರೊಕ್ಕ ಜೇಬಿನಲ್ಲೇ ಉಳಿಯುತ್ತದೆ, ಮುಂದಿನ ವಾರ ಕಟ್ಟಿದರಾಯಿತು ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಮುಂದಿನ ವಾರ ನವಲಗುಂದದ ಅಂಗಡಿಯಿಂದ 25,000 ಬರುತ್ತದೆ. ಅಷ್ಟನ್ನೂ ಆಫೀಸಿನಲ್ಲಿ ಕಟ್ಟುತ್ತಾನೆ. ಆದರೆ ಅಕೌಂಟೆಂಟ್ ಮುಂದೆ "ಕುಂದಗೋಳದ್ದು 18,000, ನವಲಗುಂದದ್ದು 7,000" ಎಂದು ಬರೆಸುತ್ತಾನೆ. ಕುಂದಗೋಳದ ಬಾಕಿ ತೀರಿತು, ನವಲಗುಂದದ ಖಾತೆಗೆ 18,000 ಕಡಿಮೆ ಬಿತ್ತು. ಮೂರನೆಯ ವಾರ ಅಣ್ಣಿಗೇರಿಯಿಂದ 30,000 ವಸೂಲಾಗುತ್ತದೆ. ಈ ಸಲ ಇನ್ನೂ 10,000 ಇಟ್ಟುಕೊಂಡು 20,000 ಕಟ್ಟುತ್ತಾನೆ. ನವಲಗುಂದಕ್ಕೆ 18,000, ಅಣ್ಣಿಗೇರಿಗೆ 2,000. ಈಗ ಅಣ್ಣಿಗೇರಿಯ ಖಾತೆಯಲ್ಲಿ 28,000 ರೂಪಾಯಿಯ ತೂತು, ಆತನ ಜೇಬಿಗೆ ಹೋದದ್ದೂ ಸರಿಯಾಗಿ ಅಷ್ಟೇ.

ಇಷ್ಟೆಲ್ಲ ಆದರೂ ನಗದು ಪುಸ್ತಕ ಗಲ್ಲಾದ ಜೊತೆ ತಾಳೆಯಾಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟೂ ಪೈಸೆ ಬಿಡದೆ ಹೊಂದುತ್ತದೆ. ತಾಳೆಪಟ್ಟಿ ಕೂಡುತ್ತದೆ. ಕದ್ದ ಹಣ ಪುಸ್ತಕಕ್ಕೆ ಬಂದೇ ಇಲ್ಲವಾದ್ದರಿಂದ ಪುಸ್ತಕದೊಳಗೆ ಯಾವ ಜಗಳವೂ ಇಲ್ಲ. ಲೆಕ್ಕಪರಿಶೋಧನೆಯವರು ಇದಕ್ಕೆ 'ಲ್ಯಾಪಿಂಗ್' ಎನ್ನುತ್ತಾರೆ. ಒಬ್ಬರ ಹಣದಿಂದ ಇನ್ನೊಬ್ಬರ ಬಾಕಿ ಮುಚ್ಚುತ್ತ ಹೋಗುವುದು. ಒಂದು ವಾರ ತಪ್ಪಿಸಿದರೂ ಬಯಲಾಗುವ ಆಟ ಇದು. ಅದಕ್ಕೇ ಇಂಥ ಸೇಲ್ಸ್‌ಮನ್ ರಜೆ ಕೇಳುವುದಿಲ್ಲ, ಜ್ವರ ಬಂದರೂ ಲೈನಿಗೆ ಹೋಗುತ್ತಾನೆ, ಮಾಲಕರಿಂದ ನಿಷ್ಠಾವಂತ ಅನ್ನಿಸಿಕೊಳ್ಳುತ್ತಾನೆ.

ಈ ಒಂದೇ ಪ್ರಕರಣವನ್ನು ಹಿಡಿದುಕೊಂಡು ಆಂತರಿಕ ನಿಯಂತ್ರಣ ಎಂದರೇನು ಎಂದು ನೋಡಬಹುದು. ಇದರ ಚೌಕಟ್ಟು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಕಂಪನಿಗಳ ಸುಳ್ಳು ಲೆಕ್ಕಪತ್ರಗಳ ಬಗ್ಗೆ ವಿಚಾರಿಸಲು 1985ರಲ್ಲಿ ಟ್ರೆಡ್‌ವೇ ಆಯೋಗ ಎಂಬುದು ರಚನೆಯಾಯಿತು. ಅದನ್ನು ಪ್ರಾಯೋಜಿಸಿದ ಐದು ವೃತ್ತಿ ಸಂಸ್ಥೆಗಳ ಸಮಿತಿಗೆ 'ಕೋಸೋ' ಎಂದು ಹೆಸರು. ಈ ಸಮಿತಿ 1992ರಲ್ಲಿ ಪ್ರಕಟಿಸಿ 2013ರಲ್ಲಿ ಪರಿಷ್ಕರಿಸಿದ ಚೌಕಟ್ಟು ಇವತ್ತು ಜಗತ್ತಿನ ಅನೇಕ ದೊಡ್ಡ ಕಂಪನಿಗಳ ಆಧಾರ. ಅದರಲ್ಲಿ ಐದು ಅಂಗಗಳಿವೆ: ನಿಯಂತ್ರಣದ ವಾತಾವರಣ, ಅಪಾಯದ ಅಂದಾಜು, ನಿಯಂತ್ರಣ ಕ್ರಮಗಳು, ಮಾಹಿತಿ ಮತ್ತು ಸಂವಹನ, ಮೇಲುಸ್ತುವಾರಿ. ಹೆಸರುಗಳು ದೊಡ್ಡ ಕಂಪನಿಗೆ ಹೊಲಿಸಿದ ಕೋಟಿನಂತೆ ಕಂಡರೂ ಹತ್ತು ಜನರ ಅಂಗಡಿಗೂ ಐದೂ ಬೇಕು. ಒಂದನ್ನು ಬಿಟ್ಟರೆ ಉಳಿದ ನಾಲ್ಕು ಕಾಗದದ ಮೇಲೆ ಉಳಿಯುತ್ತವೆ.

ಮೊದಲು ವಾತಾವರಣ. ನಮ್ಮ ಕಂಪನಿಯ ಅಣ್ಣ ಒಳ್ಳೆಯ ಮನುಷ್ಯ. ಆದರೆ ಸಂಜೆ ಮನೆಗೆ ಹೊರಡುವಾಗ ಗಲ್ಲಾದಿಂದ ಎರಡು ಸಾವಿರ ತೆಗೆದು ಕಿಸೆಗೆ ಹಾಕಿಕೊಳ್ಳುವುದು ಆತನ ರೂಢಿ. ವೋಚರ್ ಇಲ್ಲ, ಸಹಿ ಇಲ್ಲ. ಮರುದಿನ ಅಕೌಂಟೆಂಟ್ "ಎರಡ್ ಸಾವಿರ ಕಡಿಮಿ ಐತ್ರಿ" ಅಂದರೆ "ನಾನ ತಗೊಂಡೀನಿ, ಏನರ ಖರ್ಚಿಗೆ ಹಾಕ್ರಿ" ಎಂಬ ಉತ್ತರ. ಮದುವೆಗೆ ಊರಿಗೆ ಹೋಗುವಾಗ ಐದಾರು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟು ಹೋಗುತ್ತಾನೆ. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಅಕೌಂಟೆಂಟ್ ಮೇಜಿನ ಗಾಜಿನ ಕೆಳಗೆ ಬರೆದಿಟ್ಟಿದೆ, ಒಟಿಪಿ ಬಂದರೆ ಫೋನಿನಲ್ಲಿ ಓದಿ ಹೇಳುತ್ತಾನೆ. ಟ್ಯಾಲಿಯಲ್ಲಿ ಎಲ್ಲರೂ ಒಂದೇ ಅಡ್ಮಿನ್ ಹೆಸರಿನಲ್ಲಿ ಕೆಲಸ ಮಾಡುತ್ತಾರೆ.

ಕಾನೂನಿನ ಪ್ರಕಾರ ಕಂಪನಿಯ ದುಡ್ಡು ಕಂಪನಿಯದೇ, ಆದರೆ ಅಣ್ಣ ಅದನ್ನು ತನ್ನದೇ ಎಂದು ತಿಳಿದಿದ್ದಾನೆ, ಕೆಟ್ಟ ಉದ್ದೇಶವೇನೂ ಇಲ್ಲ. ಆದರೂ ಆ ಎರಡು ಸಾವಿರದಿಂದ ಸಿಬ್ಬಂದಿ ಎರಡು ಸಂಗತಿ ಕಲಿಯುತ್ತಾರೆ. ಗಲ್ಲಾ ಕಡಿಮೆ ಬಂದರೆ ಅದು ಆಶ್ಚರ್ಯದ ವಿಷಯವಲ್ಲ, ಯಾವುದಾದರೂ ಖರ್ಚಿಗೆ ಹಾಕಿ ಸರಿಮಾಡುವುದೇ ಅಕೌಂಟೆಂಟ್ ಕೆಲಸ. ಹೀಗೆ ಕಲಿತ ಅಕೌಂಟೆಂಟ್, ಸೇಲ್ಸ್‌ಮನ್ ಬಾಯಲ್ಲಿ ಹೇಳಿದ ಹಂಚಿಕೆಯನ್ನು ಪ್ರಶ್ನಿಸದೆ ಬರೆದುಕೊಂಡದ್ದರಲ್ಲಿ ವಿಶೇಷವೇನಿದೆ? ಮಾಲಕನೇ ವೋಚರ್ ಬರೆಸಿ, ತನ್ನ ಹೆಸರಿನ ಖಾತೆಗೆ ಖರ್ಚು ಹಾಕಿಸಿ, ಸಹಿ ಮಾಡಿ ಹಣ ತೆಗೆಯುವ ಅಂಗಡಿಯಲ್ಲಿ ರಸೀದಿ ಇಲ್ಲದೆ ಹಣ ಕಟ್ಟಲು ಸೇಲ್ಸ್‌ಮನ್‌ಗೆ ಧೈರ್ಯ ಬರುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಸಣ್ಣ ಕಂಪನಿಗೆ ಐದರಲ್ಲಿ ಇದೇ ಅತಿ ಮುಖ್ಯವಾದ ಅಂಗ, ಅತಿ ಅಗ್ಗದ್ದೂ ಹೌದು. ಆದರೆ ಮಾಲಕರು ಒಪ್ಪದ ಅಂಗವೂ ಇದೇ.

ದೊಡ್ಡ ಕಂಪನಿಯಲ್ಲೂ ಮೇಲಿನವನೇ ಕೆಟ್ಟರೆ ಕೆಳಗಿನ ವ್ಯವಸ್ಥೆ ನಿಲ್ಲುವುದಿಲ್ಲ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗರಾಜು ಬರೆದ ತಪ್ಪೊಪ್ಪಿಗೆ ಪತ್ರದಲ್ಲಿ, ಇಲ್ಲದ ನಗದು ಮತ್ತು ಬ್ಯಾಂಕ್ ಶಿಲ್ಕನ್ನು 5,040 ಕೋಟಿಯಷ್ಟು ತೋರಿಸಿದ್ದು ಬಯಲಾಯಿತು. ಅಲ್ಲಿ ಪದ್ಧತಿಗಳಿಗೆ, ಸಮಿತಿಗಳಿಗೆ, ಲೆಕ್ಕಪರಿಶೋಧಕರಿಗೆ ಏನೂ ಕೊರತೆ ಇರಲಿಲ್ಲ.

ಎರಡನೆಯದು ಅಪಾಯದ ಅಂದಾಜು. ನಮ್ಮ ಅಣ್ಣನಿಗೆ ಕಳ್ಳತನದ ಭಯ ಇಲ್ಲವೆಂದಲ್ಲ. ಕೌಂಟರಿನಲ್ಲಿ ಹಿತ್ತಾಳೆ ವಾಲ್ವುಗಳು ಕಾಣೆಯಾಗುತ್ತವೆಂದು ನಾಲ್ಕು ಸಿಸಿ ಕ್ಯಾಮೆರಾ ಹಾಕಿಸಿದ್ದಾನೆ. ವರ್ಷಕ್ಕೆ ಕಳೆದುಹೋಗುವ ವಾಲ್ವಿನ ಬೆಲೆ ಹತ್ತು-ಹದಿನೈದು ಸಾವಿರ ಇರಬಹುದು. ಇತ್ತ 70 ಲಕ್ಷ ಉದ್ರಿಯ ವಸೂಲಿ ಇಬ್ಬರ ಬಾಯಿಮಾತಿನ ಮೇಲೆ ನಡೆಯುತ್ತಿದೆ. ಅಪಾಯದ ಅಂದಾಜು ಎಂದರೆ ಒಂದು ಹಾಳೆ ತೆಗೆದುಕೊಂಡು, ಕಂಪನಿಯಿಂದ ಹಣ ಅಥವಾ ಮಾಲು ಹೊರಹೋಗುವ ದಾರಿಗಳನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ "ಎಷ್ಟು ಹೋಗಬಹುದು, ಹೋದರೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ" ಎಂದು ಕೇಳಿಕೊಳ್ಳುವುದು. ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಗಲ್ಲಾದಲ್ಲಿ ಕೊರತೆ ಬಂದರೆ ಅದೇ ಸಂಜೆ ತಿಳಿಯುತ್ತದೆ. ಲ್ಯಾಪಿಂಗ್ ವರ್ಷಗಟ್ಟಲೆ ತಿಳಿಯದೆ ಹೋಗಬಹುದು, ಅಷ್ಟರಲ್ಲಿ 28,000 ನಾಲ್ಕೈದು ಲಕ್ಷ ಆಗಿರುತ್ತದೆ.

ಈ ಹಾಳೆಯನ್ನು ವ್ಯಾಪಾರ ಬದಲಾದಾಗಲೆಲ್ಲ ಮತ್ತೆ ತೆಗೆಯಬೇಕು. ಯುಪಿಐ ಬಂದಾಗ "ಇನ್ನು ನಗದಿನ ಗೊಡವೆ ಇಲ್ಲ" ಎಂದು ಎಷ್ಟೋ ವ್ಯಾಪಾರಿಗಳು ನಿರಾಳರಾದರು. ಆದರೆ ಅಂಗಡಿಕಾರ ಕಂಪನಿಯ ಕ್ಯೂಆರ್ ಬಿಟ್ಟು ಸೇಲ್ಸ್‌ಮನ್‌ನ ಸ್ವಂತ ನಂಬರಿಗೆ ಹಣ ಹಾಕಿದರೆ ಅದು ನಗದು ಕೊಟ್ಟದ್ದಕ್ಕಿಂತ ಬೇರೆಯಲ್ಲ. ಅಂಗಡಿಕಾರನ ಹತ್ತಿರ ಸಾಕ್ಷಿ ಉಳಿಯುತ್ತದೆ ಎನ್ನುವುದಷ್ಟೇ ಲಾಭ.

ಮೂರನೆಯ ಅಂಗವಾದ ನಿಯಂತ್ರಣ ಕ್ರಮಗಳನ್ನೇ ಜನ ಇಡೀ ನಿಯಂತ್ರಣ ಎಂದು ತಿಳಿಯುವುದು. ರಸೀದಿ, ಸಹಿ, ಬೀಗ, ಪಾಸ್‌ವರ್ಡ್ ಎಲ್ಲ ಇದರಲ್ಲೇ ಬರುತ್ತವೆ. ಇದರ ತಿರುಳು ಕೆಲಸದ ವಿಂಗಡಣೆ. ಹಣ ಕೈಯಲ್ಲಿ ಹಿಡಿಯುವವನು, ಅದನ್ನು ಪುಸ್ತಕದಲ್ಲಿ ಬರೆಯುವವನು, ಬರೆದದ್ದನ್ನು ತಾಳೆ ನೋಡುವವನು ಒಬ್ಬನೇ ಆಗಿರಬಾರದು. "ಹತ್ತು ಮಂದಿಯ ಅಂಗಡಿಯಲ್ಲಿ ಇದಕ್ಕೆಲ್ಲ ಜನ ಎಲ್ಲಿಂದ ತರೋದು" ಎಂಬುದು ಮಾಲಕರ ಮಾಮೂಲಿ ಆಕ್ಷೇಪ. ಕೋಸೋ ಸಮಿತಿಗೂ ಈ ಆಕ್ಷೇಪ ಮುಟ್ಟಿತ್ತು. ಷೇರುಪೇಟೆಯಲ್ಲಿರುವ ಸಣ್ಣ ಕಂಪನಿಗಳಿಗಾಗಿಯೇ ಅದು 2006ರಲ್ಲಿ ಪ್ರತ್ಯೇಕ ಮಾರ್ಗದರ್ಶಿ ಹೊರತಂದಿತು. ಜನ ಕಡಿಮೆ ಇರುವಲ್ಲಿ ಮೂರನೆಯ ಕೈ ಮಾಲಕನದೇ ಆಗಬೇಕಾಗುತ್ತದೆ.

ನಮ್ಮ ಕಂಪನಿಯಲ್ಲಿ ಅದನ್ನು ಹೀಗೆ ಮಾಡಬಹುದು. ರಸೀದಿ ಪುಸ್ತಕಗಳನ್ನು ನಂಬರ್ ಹಾಕಿ ಅಚ್ಚು ಮಾಡಿಸಬೇಕು. ಯಾವ ನಂಬರಿನ ಪುಸ್ತಕ ಯಾರಿಗೆ ಯಾವತ್ತು ಕೊಟ್ಟಿದೆ ಎಂದು ಅಣ್ಣನೇ ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಹಳೆ ಪುಸ್ತಕ ಪೂರ್ತಿ ವಾಪಸಾಗದೆ ಹೊಸದು ಸಿಗಬಾರದು, ಕೆಟ್ಟ ರಸೀದಿಯ ಎರಡೂ ಪ್ರತಿ ಪುಸ್ತಕದಲ್ಲೇ ಇರಬೇಕು. ಸೇಲ್ಸ್‌ಮನ್ ಸಂಜೆ ಬಂದು ಹಣವನ್ನು ಕೌಂಟರಿನವನ ಕೈಗೆ ಎಣಿಸಿ ಕೊಡಬೇಕು, ಅಕೌಂಟೆಂಟ್ ಕೈಗಲ್ಲ. ಕೌಂಟರಿನವನು ಅದನ್ನು ಮರುದಿನ ಬೆಳಿಗ್ಗೆ ಇಡಿಯಾಗಿ ಬ್ಯಾಂಕಿಗೆ ಕಟ್ಟಬೇಕು, ಅದರಲ್ಲಿ ಚಿಲ್ಲರೆ ಖರ್ಚಿಗೆಂದು ಮುರಿಯಬಾರದು. ಅಕೌಂಟೆಂಟ್ ಹಣವನ್ನು ಮುಟ್ಟದೆ, ರಸೀದಿಯ ಕಾರ್ಬನ್ ಪ್ರತಿ ನೋಡಿ ಖಾತೆಗೆ ಹಾಕಬೇಕು. ಯಾರ ಬಾಯಿಮಾತನ್ನೂ ಕೇಳುವಂತಿಲ್ಲ. ಶನಿವಾರ ಅಣ್ಣ ರಸೀದಿ ಪ್ರತಿ, ಖಾತೆ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಮುಂದಿಟ್ಟುಕೊಂಡು ತಾಳೆ ನೋಡಬೇಕು.

ಈ ಪದ್ಧತಿಯಲ್ಲಿ ನಮ್ಮ ಸೇಲ್ಸ್‌ಮನ್ ಏನು ಮಾಡಬಲ್ಲ? ನವಲಗುಂದದವರಿಗೆ 25,000 ರೂಪಾಯಿಯ ಅಚ್ಚಿನ ರಸೀದಿ ಹರಿದಿದ್ದರೆ, ಅದರ ಪ್ರತಿಯಲ್ಲೂ ನವಲಗುಂದ ಎಂದೇ ಇರುತ್ತದೆ. ಖಾತೆಗೆ ಏಳು ಸಾವಿರ ಹಾಕಿಸಲು ದಾರಿಯಿಲ್ಲ. ಉಳಿಯುವುದು ಒಂದೇ ಉಪಾಯ, ರಸೀದಿ ಹರಿಯದೆ ಚೀಟಿ ಕೊಡುವುದು. ಅದನ್ನು ಆಫೀಸಿನೊಳಗಿನ ಯಾವ ಕ್ರಮವೂ ತಡೆಯಲಾರದು, ಅದಕ್ಕೆ ನಾಲ್ಕನೆಯ ಅಂಗ ಬೇಕು.

ಅದಕ್ಕೆ ಮುಂಚೆ ಇನ್ನೊಂದು ಬಾಗಿಲು ಮುಚ್ಚಬೇಕಿದೆ, ಕ್ರೆಡಿಟ್ ನೋಟ್. ಲ್ಯಾಪಿಂಗ್ ತೂತು ದೊಡ್ಡದಾದಾಗ ಅದನ್ನು ಶಾಶ್ವತವಾಗಿ ಮುಚ್ಚುವ ಸುಲಭ ದಾರಿ ಅದು. "ರೇಟ್ ವ್ಯತ್ಯಾಸ", "ಮಾಲು ವಾಪಸ್", "ಡಿಸ್ಕೌಂಟ್" ಎಂಬ ಹೆಸರಿನಲ್ಲಿ ಅಣ್ಣಿಗೇರಿಯ ಖಾತೆಗೆ 28,000 ಜಮಾ ಹಾಕಿಬಿಟ್ಟರೆ ಬಾಕಿಯೂ ಇಲ್ಲ, ಜಗಳವೂ ಇಲ್ಲ, ಕಳ್ಳತನ ಕಂಪನಿಯ ಖರ್ಚಾಗಿ ಮಾರ್ಪಡುತ್ತದೆ. ಆದ್ದರಿಂದ ಟ್ಯಾಲಿಯಲ್ಲಿ ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಟ್ಟು, ಕ್ರೆಡಿಟ್ ನೋಟ್ ಹಾಕುವ ಮತ್ತು ಹಿಂದಿನ ತಾರೀಖಿನ ನಮೂದು ತಿದ್ದುವ ಅಧಿಕಾರವನ್ನು ಅಣ್ಣ ತನ್ನ ಹತ್ತಿರವೇ ಇಟ್ಟುಕೊಳ್ಳಬೇಕು. ಮಾಲು ವಾಪಸ್ ಎಂದರೆ ಗೋದಾಮಿನವನ ಸಹಿಯುಳ್ಳ ಆವಕ ಚೀಟಿ ಜೊತೆಗಿರಬೇಕು. ಕಂಪನಿ ಕಾಯ್ದೆಯ ನಿಯಮದ ಪ್ರಕಾರ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ದಾಖಲೆ ಇಡಲೇಬೇಕು, ಅದನ್ನು ಆರಿಸುವಂತಿಲ್ಲ. ಆ ದಾಖಲೆಯಿಂದ ಪ್ರಯೋಜನವಾಗುವುದು ತಿಂಗಳಿಗೊಮ್ಮೆಯಾದರೂ ಯಾರಾದರೂ ತೆರೆದು ನೋಡಿದರೆ ಮಾತ್ರ. ಎಲ್ಲರೂ ಒಂದೇ ಅಡ್ಮಿನ್ ಹೆಸರಿನಲ್ಲಿ ಕೂತಿದ್ದರೆ ನೋಡಿಯೂ ಪ್ರಯೋಜನವಿಲ್ಲ.

ಖರೀದಿ ಕಡೆಗೂ ಇದೇ ತತ್ವ. ತಮ್ಮ ಕೊಟ್ಟ ಆರ್ಡರ್, ಗೋದಾಮಿನವನು ಎಣಿಸಿ ಬರೆದ ಆವಕ ಚೀಟಿ, ಸರಬರಾಜುದಾರನ ಬಿಲ್ ಮೂರೂ ಒಂದಕ್ಕೊಂದು ಹೊಂದಿದ ಮೇಲೇ ಅಣ್ಣ ಪಾವತಿ ಮಾಡಬೇಕು. ಗೋದಾಮಿನವನಿಗೆ ಬಿಲ್ಲನ್ನು ಮೊದಲೇ ತೋರಿಸಬಾರದು. ತೋರಿಸಿದರೆ ಆತ ಪೈಪು ಎಣಿಸುವುದಿಲ್ಲ, ಬಿಲ್ಲಿನ ಅಂಕಿಯನ್ನೇ ನಕಲು ಮಾಡುತ್ತಾನೆ.

ನಾಲ್ಕನೆಯದಾದ ಮಾಹಿತಿ ಮತ್ತು ಸಂವಹನಕ್ಕೆ ಬರೋಣ. ಚೀಟಿಯ ವ್ಯವಹಾರವನ್ನು ಬಯಲಿಗೆಳೆಯಬಲ್ಲವನು ಅಂಗಡಿಕಾರ ಒಬ್ಬನೇ, ಆತನಿಗೆ ಮಾಲಕನ ಜೊತೆ ನೇರ ದಾರಿ ಇರಬೇಕು. ಪ್ರತಿ ಬಿಲ್ಲಿನ ಕೆಳಗೆ "ಅಚ್ಚಾದ ರಸೀದಿ ಇಲ್ಲದೆ ಹಣ ಕೊಡಬೇಡಿ, ಇದೇ ಕ್ಯೂಆರ್‌ಗೆ ಮಾತ್ರ ಪಾವತಿಸಿ" ಎಂಬ ಸಾಲು ಮತ್ತು ಕಂಪನಿಯ ಕ್ಯೂಆರ್ ಅಚ್ಚಾಗಿರಲಿ. ತಿಂಗಳ ಮೊದಲ ವಾರ ಪ್ರತಿ ಪಾರ್ಟಿಗೂ ಖಾತೆಯ ಸ್ಟೇಟ್‌ಮೆಂಟ್ ವಾಟ್ಸಾಪಿನಲ್ಲಿ ಹೋಗಲಿ. ಕಳಿಸುವ ಫೋನ್ ಅಣ್ಣನದಾಗಿರಬೇಕು. ಅದನ್ನು ಸೇಲ್ಸ್‌ಮನ್ ಕೈಯಲ್ಲಿ ಕಳಿಸುವ ಪದ್ಧತಿ ಇನ್ನೂ ಅನೇಕ ಕಡೆ ಇದೆ, ಅದಕ್ಕಿಂತ ಕಳಿಸದಿರುವುದೇ ವಾಸಿ. ಅಣ್ಣಿಗೇರಿಯ ಅಂಗಡಿಯವರು ಸ್ಟೇಟ್‌ಮೆಂಟ್ ನೋಡಿದ ದಿನವೇ ಫೋನು ಬರುತ್ತದೆ: "ಏನ್ರೀ ಸಾಹುಕಾರ್ರ, ಮೂವತ್ ಸಾವಿರ ಕೊಟ್ಟೀನಿ, ಎರಡ್ ಸಾವಿರ ಜಮಾ ತೋರಸಾಕತ್ತೀರಲ್ಲ?"

ಮಾಹಿತಿಯ ಇನ್ನೊಂದು ಮುಖ ಆಫೀಸಿನೊಳಗಿದೆ. ಅಣ್ಣನ ಮುಂದೆ ವಾರಕ್ಕೊಮ್ಮೆ ಒಟ್ಟು ಬಾಕಿಯ ಅಂಕಿ ಬರುತ್ತದೆ, 70 ಲಕ್ಷ ಎಂದು. ಆ ಅಂಕಿ ಏನನ್ನೂ ಹೇಳುವುದಿಲ್ಲ. ಬಿಲ್ಲಿನ ವಯಸ್ಸಿನ ಪ್ರಕಾರ 30 ದಿನದೊಳಗೆ, 31ರಿಂದ 60, 61ರಿಂದ 90, ಅದಕ್ಕೂ ಹಳೆಯದು ಎಂದು ಒಡೆದು ನೋಡಿದಾಗ ಗುರುತುಗಳು ಕಾಣುತ್ತವೆ. ಯಾವಾಗಲೂ ಬಿಲ್ ಪ್ರಕಾರ ಪೂರ್ತಿ ಕೊಡುತ್ತಿದ್ದ ಅಂಗಡಿಯ ಖಾತೆಯಲ್ಲಿ ಈಚೆಗೆ 7,000, 2,000 ಎಂಬ ತುಂಡು ಜಮಾಗಳು. ಒಬ್ಬ ಸೇಲ್ಸ್‌ಮನ್‌ನ ಲೈನಿನಲ್ಲಿ ಮಾತ್ರ ಬಾಕಿಯ ವಯಸ್ಸು ಏರುತ್ತಿದ್ದು, ಇನ್ನೊಬ್ಬನದು ಇದ್ದಲ್ಲೇ ಇರುವುದು. ಒಬ್ಬ ಪಾರ್ಟಿಯ ಬಾಕಿ ತೀರುವ ವಾರವೇ ಪಕ್ಕದೂರಿನ ಪಾರ್ಟಿಗೆ ಕಡಿಮೆ ಜಮಾ ಬೀಳುವುದು. ಒಂದೊಂದೇ ನೋಡಿದರೆ ಇವಕ್ಕೆಲ್ಲ ಮಳೆ ಇಲ್ಲ, ಬೆಳೆ ಇಲ್ಲ, ಮಾರ್ಕೆಟ್ ಬಿದ್ದಿದೆ ಎಂಬ ಸಬೂಬು ಸಿಗುತ್ತದೆ. ಮೂರೂ ಒಂದೇ ಲೈನಿನಲ್ಲಿ ಕಂಡರೆ ಸಬೂಬು ಕೇಳುತ್ತ ಕೂರಬಾರದು, ಅಣ್ಣನೇ ಗಾಡಿ ಹತ್ತಬೇಕು.

ಐದನೆಯದು ಮೇಲುಸ್ತುವಾರಿ. ಮೇಲಿನ ಕ್ರಮಗಳನ್ನೆಲ್ಲ ಯುಗಾದಿಗೆ ಜಾರಿಗೆ ತಂದರೆ ದಸರೆಯ ಹೊತ್ತಿಗೆ ಅರ್ಧ ಸತ್ತಿರುತ್ತವೆ. ಕೌಂಟರಿನವನು ರಜೆಯಿದ್ದ ದಿನ ಅಕೌಂಟೆಂಟೇ ಹಣ ಎಣಿಸಿಕೊಂಡಿರುತ್ತಾನೆ, ಆಮೇಲೆ ಅದೇ ರೂಢಿಯಾಗಿರುತ್ತದೆ. ಸೀಜನ್ನಿನ ಗದ್ದಲದಲ್ಲಿ ಶನಿವಾರದ ತಾಳೆ ತಪ್ಪಿ, ತಿಂಗಳಿಗೊಮ್ಮೆ ಆಗಿ, ನಿಂತಿರುತ್ತದೆ. ಇದಕ್ಕೆ ದೊಡ್ಡ ಇಲಾಖೆ ಬೇಕಿಲ್ಲ. ಅಣ್ಣ ಲೆಕ್ಕವನ್ನು ನೋಡಿದರೆ ಸಾಲದು, ಕ್ರಮ ನಡೆಯುತ್ತಿದೆಯೇ ಎಂಬುದನ್ನು ತಮ್ಮ ನೋಡಬೇಕು. ತಿಂಗಳಿಗೊಂದು ದಿನ ತಮ್ಮ ಯಾವುದಾದರೂ ಐದು ರಸೀದಿ ಆರಿಸಿ, ಅವು ಅದೇ ಹೆಸರಿಗೆ, ಅದೇ ಮೊತ್ತಕ್ಕೆ ಖಾತೆಗೆ ಹೋಗಿ, ಮರುದಿನವೇ ಬ್ಯಾಂಕಿಗೆ ಸೇರಿವೆಯೇ ಎಂದು ಕೊನೆತನಕ ಹಿಂಬಾಲಿಸಲಿ. ವರ್ಷಕ್ಕೆ ಎರಡು ಸಲ ಒಂದೊಂದು ವಾರ ಇಬ್ಬರು ಸೇಲ್ಸ್‌ಮನ್‌ಗಳ ಲೈನನ್ನು ಅದಲುಬದಲು ಮಾಡಲಿ, ಅದನ್ನು ಮುಂಚಿತವಾಗಿ ಹೇಳದಿರಲಿ. ಲ್ಯಾಪಿಂಗ್ ನಡೆಸುವವನಿಗೆ ಆ ಒಂದು ವಾರವನ್ನು ದಾಟುವುದು ಬಹಳ ಕಷ್ಟ.

"ವರ್ಷಕ್ಕೊಮ್ಮೆ ಆಡಿಟ್ ಆಗ್ತದಲ್ಲ" ಎನ್ನುವವರಿಗೆ ಒಂದು ಮಾತು. ಲೆಕ್ಕಪರಿಶೋಧಕರು ಮಾದರಿಗಾಗಿ ಕೆಲವು ನಮೂದುಗಳನ್ನು ನೋಡುತ್ತಾರೆ, ಅದೂ ವರ್ಷ ಮುಗಿದ ಮೇಲೆ. 2013ರ ಕಂಪನಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಹಣಕಾಸಿನ ಆಂತರಿಕ ನಿಯಂತ್ರಣದ ಬಗ್ಗೆಯೂ ಅವರು ಅಭಿಪ್ರಾಯ ಕೊಡಬೇಕು. ಆದರೆ 2017ರ ಜೂನ್‌ನ ಅಧಿಸೂಚನೆಯಿಂದ ಸಣ್ಣ ಪ್ರೈವೇಟ್ ಕಂಪನಿಗಳಿಗೆ ಇದರಿಂದ ವಿನಾಯಿತಿ ಸಿಕ್ಕಿದೆ. ನಮ್ಮ ಹುಬ್ಬಳ್ಳಿಯ ಕಂಪನಿಯಂಥವುಗಳಲ್ಲಿ ನಿಯಂತ್ರಣ ಇದೆಯೋ ಇಲ್ಲವೋ ಎಂದು ಹೊರಗಿನವರು ಯಾರೂ ಕಡ್ಡಾಯವಾಗಿ ಬಂದು ನೋಡುವುದಿಲ್ಲ ಎಂದಾಯಿತು.

ಇಷ್ಟು ಮಾಡಿದರೂ ಮೋಸ ಆಗುವುದೇ ಇಲ್ಲವೆಂದು ಚೌಕಟ್ಟು ಹೇಳುವುದಿಲ್ಲ. ಸೇಲ್ಸ್‌ಮನ್, ಕೌಂಟರಿನವನು, ಅಕೌಂಟೆಂಟ್ ಮೂವರೂ ಒಂದಾದರೆ ವಿಂಗಡಣೆಯಿಂದ ಉಪಯೋಗವಿಲ್ಲ. ಅಂಗಡಿಕಾರನೇ ಸೇಲ್ಸ್‌ಮನ್ ಜೊತೆ ಕೈಜೋಡಿಸಿದರೆ ಸ್ಟೇಟ್‌ಮೆಂಟಿಗೂ ಸುಳ್ಳು ಉತ್ತರ ಬರುತ್ತದೆ. ಖರ್ಚನ್ನೂ ತೂಗಬೇಕು. 15,000 ರೂಪಾಯಿಯ ವಾಲ್ವು ಉಳಿಸಲು ತಿಂಗಳಿಗೆ 15,000 ಸಂಬಳದ ಕಾವಲುಗಾರನನ್ನು ಇಡುವುದು ನಿಯಂತ್ರಣವಲ್ಲ, ನಷ್ಟ.

ಎಲ್ಲವನ್ನೂ ಒಮ್ಮೆಗೇ ಮಾಡಲಾಗದ ವ್ಯಾಪಾರಿಗಳು ಒಂದರಿಂದ ಶುರು ಮಾಡಲಿ. ಈ ತಿಂಗಳು ನಿಮ್ಮ ಉದ್ರಿ ಪಾರ್ಟಿಗಳಲ್ಲಿ ಹಳೆ ಬಾಕಿಯ ಇಪ್ಪತ್ತು ಹೆಸರು ಆರಿಸಿ, ಯಾರಿಗೂ ಹೇಳದೆ, ನಿಮ್ಮ ಫೋನಿನಿಂದಲೇ ಅವರ ಖಾತೆಯ ಪ್ರತಿ ಕಳಿಸಿ, "ಇದು ಸರಿಯಿದೆಯೇ, ಇಲ್ಲದಿದ್ದರೆ ನನಗೇ ಫೋನ್ ಮಾಡಿ" ಎಂದು ಬರೆಯಿರಿ. ಉತ್ತರ ಬರದವರಿಗೆ ನೀವೇ ಫೋನ್ ಹಚ್ಚಿ. ಸುಮ್ಮನಿದ್ದಾರೆಂದರೆ ಒಪ್ಪಿದ್ದಾರೆ ಎಂದುಕೊಳ್ಳಬೇಡಿ.